ಲ್ಯಾಪ್‌ಟಾಪ್ ಚಾರ್ಜರ್‌ನ ಕುತ್ತಿಗೆ ಒಡೆದಿದೆಯೇ? ಟೇಪ್ ಸುತ್ತುವ ಮೊದಲು ಇಷ್ಟು ನೋಡಿ

ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬರುತ್ತದೆ. ಮಂಜೇಶ್ವರದಿಂದ, ಪೆರ್ಲದಿಂದ, ಮುಳ್ಳೇರಿಯದಿಂದ, ಎಲ್ಲ ಕಡೆಯಿಂದಲೂ ಒಂದೇ ಪ್ರಶ್ನೆ. "ಚಾರ್ಜರ್ ವಯರ್ ಪಿನ್ನಿನ ಹತ್ತಿರ ಒಡೆದಿದೆ. ಸ್ವಲ್ಪ ಓರೆ ಮಾಡಿ ಹಿಡಿದರೆ ಚಾರ್ಜ್ ಆಗುತ್ತದೆ. ಟೇಪ್ ಸುತ್ತಿದರೆ ಸಾಕಾ?"

ಸಾಕಾಗುವುದಿಲ್ಲ. ಓರೆ ಮಾಡಿ ಹಿಡಿದರೆ ಮಾತ್ರ ಚಾರ್ಜ್ ಆಗುವ ವಯರ್ ಒಳಗೆ ಆಗಲೇ ತುಂಡಾಗಿರುತ್ತದೆ. ಟೇಪ್ ಹಾಕಿದರೆ ಅದು ಕಣ್ಣಿಗೆ ಕಾಣದ ಹಾಗೆ ಆಗುತ್ತದೆ, ಅಷ್ಟೇ. ಆದರೆ ಹೊರಗಿನ ಸಿಪ್ಪೆ ಮಾತ್ರ ಬಿರಿದಿದ್ದರೆ ಕಥೆ ಬೇರೆ. ಯಾವುದು ಯಾವುದು ಎಂದು ಗುರುತಿಸುವುದು ಹೇಗೆ, ಯಾವುದನ್ನು ಮನೆಯಲ್ಲೇ ಸರಿಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎಂದು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನಮ್ಮ ಹತ್ತಿರದ ಶಾಲೆಯ ಮಾಷ್ಟ್ರೊಬ್ಬರ ಚಾರ್ಜರನ್ನು ತೆಗೆದುಕೊಳ್ಳುತ್ತೇನೆ. 19 ವೋಲ್ಟ್, 3.42 ಆಂಪಿಯರ್, ಅಂದರೆ 65 ವ್ಯಾಟಿನದ್ದು. ತುದಿಯಲ್ಲಿ ಉರುಟು ಪಿನ್.

ಅಲ್ಲೇ ಯಾಕೆ ಒಡೆಯುತ್ತದೆ?

ಅಡಾಪ್ಟರ್ ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಹೋಗುವ ವಯರನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಒಳಗೆ ನಾಲ್ಕು ಪದರ ಕಾಣುತ್ತದೆ. ನಡುವೆ ಸಣ್ಣ ಸಣ್ಣ ತಾಮ್ರದ ಎಳೆಗಳ ಕಟ್ಟು, ಸಾಮಾನ್ಯವಾಗಿ ಇದು ಪ್ಲಸ್. ಅದರ ಮೇಲೆ ಒಂದು ಪ್ಲಾಸ್ಟಿಕ್ ಸಿಪ್ಪೆ. ಆ ಸಿಪ್ಪೆಯ ಸುತ್ತ ಮತ್ತೆ ತಾಮ್ರದ ಎಳೆಗಳು, ಇದು ಮೈನಸ್. ಎಲ್ಲದರ ಮೇಲೆ ನಾವು ನೋಡುವ ಕಪ್ಪು ಹೊರಸಿಪ್ಪೆ. ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಇರುವುದು ಆ ತೆಳು ಒಳಸಿಪ್ಪೆ ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಿನ್ನಿನ ಹಿಂದೆ ಗಟ್ಟಿ ರಬ್ಬರಿನ ಕುತ್ತಿಗೆ ಇದೆಯಲ್ಲ, ಅದು ಬಾಗುವುದಿಲ್ಲ. ಅದರ ಹಿಂದಿನ ವಯರ್ ಬಾಗುತ್ತದೆ. ಗಟ್ಟಿಯದ್ದು ಮುಗಿದು ಮೆದುವಾದದ್ದು ಶುರುವಾಗುವ ಗೆರೆಯಲ್ಲೇ ಎಲ್ಲ ಬಾಗುವಿಕೆಯೂ ಬಂದು ಕೂರುತ್ತದೆ. ತಂತಿಯನ್ನು ಕೈಯಲ್ಲಿ ಹಿಡಿದು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿದರೆ ಹೇಗೆ ತುಂಡಾಗುತ್ತದೋ, ಇಲ್ಲಿಯೂ ಹಾಗೆಯೇ. ಒಂದೊಂದೇ ಎಳೆ ಗಡುಸಾಗಿ, ಒಂದೊಂದೇ ಮುರಿಯುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೆರಡು ಕಾರಣ ಸೇರುತ್ತವೆ. ಸಿಡಿಲು ಶುರುವಾಯಿತು ಎಂದ ಕೂಡಲೇ ಓಡಿಹೋಗಿ ವಯರ್ ಹಿಡಿದು ಎಳೆಯುವ ಅಭ್ಯಾಸ ಒಂದು. ಪಿನ್ನಿನ ತಲೆ ಹಿಡಿದು ತೆಗೆಯುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ! ಇನ್ನೊಂದು ಕಡಲ ಬದಿಯ ಒದ್ದೆ ಗಾಳಿ. ಸಿಪ್ಪೆ ಬಿರಿದ ಮೇಲೆ ಉಪ್ಪಿನ ಪಸೆ ಒಳಗೆ ಹೋಗಿ ತಾಮ್ರ ಕಪ್ಪಾಗುತ್ತದೆ, ಕೆಲವೊಮ್ಮೆ ಹಸಿರು ಕಿಲುಬು ಹಿಡಿಯುತ್ತದೆ. ಉಪ್ಪಳ, ಕುಂಬಳೆಯಂತಹ ಕಡಲ ಹತ್ತಿರದ ಮನೆಗಳ ಚಾರ್ಜರ್ ಬಿಚ್ಚಿದಾಗ ಇದು ಜಾಸ್ತಿ ಕಾಣಸಿಗುತ್ತದೆ.

ಇದರಲ್ಲಿ ಅಪಾಯ ಏನು?

19 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಹಾಗಾಗಿ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಇಲ್ಲಿ ಭಯ ಶಾಕಿನದ್ದಲ್ಲ, ಬಿಸಿಯದ್ದು.

ಎಳೆಗಳು ಮುರಿದು ನಾಲ್ಕೈದು ಮಾತ್ರ ಉಳಿದಾಗ ಅಷ್ಟೂ ಕರೆಂಟು ಅವುಗಳ ಮೂಲಕವೇ ಹೋಗಬೇಕು. ಆ ಜಾಗದ ತಡೆ ಅರ್ಧ ಓಮ್‌ಗೆ ಏರಿತು ಎಂದಿಟ್ಟುಕೊಳ್ಳಿ. ಮಾಷ್ಟ್ರ ಚಾರ್ಜರಿನ 3.42 ಆಂಪಿಯರ್ ಅದರಲ್ಲಿ ಹರಿದರೆ ಅಲ್ಲಿ ಹುಟ್ಟುವ ಬಿಸಿ ಸುಮಾರು 6 ವ್ಯಾಟ್. ರಿಪೇರಿಯವರ ಹತ್ತಿರ ಇರುವ ಸಣ್ಣ ಸೋಲ್ಡರಿಂಗ್ ಕಬ್ಬಿಣ 25 ವ್ಯಾಟಿನದ್ದು. ಅದರ ಕಾಲು ಭಾಗದಷ್ಟು ಬಿಸಿ ನಿಮ್ಮ ಹಾಸಿಗೆಯ ಮೇಲೆ, ಬೆರಳಗಲದ ಜಾಗದಲ್ಲಿ, ಗಂಟೆಗಟ್ಟಲೆ!

ಅಡಾಪ್ಟರಿನಲ್ಲಿ ರಕ್ಷಣೆ ಇರುತ್ತದಲ್ಲ ಎಂದು ಕೇಳುತ್ತಾರೆ. ಇದೆ. ಪ್ಲಸ್ಸೂ ಮೈನಸ್ಸೂ ನೇರ ತಾಗಿದರೆ, ಅಂದರೆ ಶಾರ್ಟ್ ಆದರೆ, ಅದು ಕರೆಂಟು ನಿಲ್ಲಿಸುತ್ತದೆ. ಆದರೆ ಒಂದೇ ತಂತಿಯಲ್ಲಿ ಎಳೆ ಕಡಿಮೆಯಾಗಿ ಬಿಸಿಯಾಗುವುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಅದರ ಲೆಕ್ಕದಲ್ಲಿ ಲ್ಯಾಪ್‌ಟಾಪ್ ಎಂದಿನಂತೆ ಕರೆಂಟು ತೆಗೆದುಕೊಳ್ಳುತ್ತಾ ಇದೆ, ಅಷ್ಟೇ.

ಹಂತ 1: ಎಲ್ಲಿ ಒಡೆದಿದೆ ನೋಡಿ

ಗೋಡೆಯ ಸಾಕೆಟ್ಟಿನಿಂದ ಡಬ್ಬಿಯವರೆಗಿನ ವಯರ್ ಒಡೆದಿದ್ದರೆ ರಿಪೇರಿಯ ಮಾತೇ ಬೇಡ. ಅದರಲ್ಲಿ 230 ವೋಲ್ಟ್ ಇದೆ. ಹೆಚ್ಚಿನ ಅಡಾಪ್ಟರುಗಳಲ್ಲಿ ಅದು ಕೈಯಲ್ಲೇ ಕಳಚಿ ಬರುತ್ತದೆ. ಮೂರು ತೂತಿನದ್ದೋ ಎರಡು ತೂತಿನದ್ದೋ ನೋಡಿಕೊಂಡು, ಐಎಸ್‌ಐ ಗುರುತಿರುವ ಹೊಸತನ್ನು ತನ್ನಿ.

ಡಬ್ಬಿಯಿಂದ ಹೊರಬರುವ ಬುಡದಲ್ಲೇ ಒಡೆದಿದ್ದರೆ ಡಬ್ಬಿ ಬಿಚ್ಚದೆ ಸರಿಮಾಡಲು ಆಗುವುದಿಲ್ಲ. ಡಬ್ಬಿಯ ಒಳಗೆ 300 ವೋಲ್ಟಿಗೂ ಮೇಲೆ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಇದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅದರಲ್ಲಿ ಕರೆಂಟು ಉಳಿದಿರುತ್ತದೆ. ಬಿಚ್ಚಬೇಡಿ, ಹೊಸ ಅಡಾಪ್ಟರ್ ತೆಗೆದುಕೊಳ್ಳಿ.

ಪಿನ್ ಯುಎಸ್‌ಬಿ-ಸಿ ಆಗಿದ್ದರೆ, ಅಂದರೆ ಮೊಬೈಲಿನದ್ದರ ಹಾಗೆ ಚಪ್ಪಟೆಯಾಗಿದ್ದರೆ, ಅದನ್ನೂ ಕತ್ತರಿಸಿ ಜೋಡಿಸಬೇಡಿ. ಅದರಲ್ಲಿ ಲ್ಯಾಪ್‌ಟಾಪೂ ಚಾರ್ಜರೂ ಎಷ್ಟು ವೋಲ್ಟ್ ಬೇಕು ಎಂದು ಮಾತಾಡಿಕೊಳ್ಳುವ ಬೇರೆ ತಂತಿಗಳಿವೆ. ಕೇಬಲ್ ಎರಡೂ ಕಡೆ ಕಳಚುವಂಥದ್ದಾದರೆ ಹೊಸ ಕೇಬಲ್ ಸಾಕು. ಚಾರ್ಜರ್ 60 ವ್ಯಾಟಿಗಿಂತ ಮೇಲಿನದ್ದಾದರೆ 5 ಆಂಪಿಯರಿನದ್ದೇ ಕೇಳಿ ತೆಗೆದುಕೊಳ್ಳಿ.

ಉಳಿದದ್ದು ಉರುಟು ಪಿನ್ನಿನ ಕುತ್ತಿಗೆ. ಮುಂದಿನ ಹಂತಗಳು ಅದಕ್ಕೇ.

ಹಂತ 2: ಎಷ್ಟು ಒಡೆದಿದೆ ಎಂದು ಪರೀಕ್ಷಿಸಿ

ಮೊದಲು ಪ್ಲಗ್ ತೆಗೆದು, ಹಗಲಿನ ಬೆಳಕಿನಲ್ಲಿ ಒಡೆದ ಜಾಗವನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಕಪ್ಪು ಸಿಪ್ಪೆ ಬಿರಿದಿದೆ, ಕೆಳಗಿನ ತಾಮ್ರದ ಹೆಣಿಗೆ ಇಡಿಯಾಗಿ, ಹೊಳೆಯುತ್ತಾ ಇದೆ ಎಂದಾದರೆ ಒಳ್ಳೆಯದು. ಎಳೆಗಳು ಮುಳ್ಳಿನ ಹಾಗೆ ಎದ್ದಿವೆ, ಕಪ್ಪಾಗಿವೆ, ಅಥವಾ ಸಿಪ್ಪೆ ಕರಗಿ ಕಂದಾಗಿದೆ ಎಂದಾದರೆ ಆ ತುದಿ ಮುಗಿಯಿತು.

ಇಲ್ಲಿ ತುಂಬ ಜನ ಬೀಳುವ ಗುಂಡಿ ಒಂದಿದೆ. ಮಲ್ಟಿಮೀಟರ್ ತಂದು ಪಿನ್ನಿಗೆ ಹಿಡಿದು "19 ವೋಲ್ಟ್ ಸರಿಯಾಗಿ ಬರುತ್ತಾ ಇದೆ, ವಯರ್ ಚೆನ್ನಾಗಿದೆ" ಎನ್ನುತ್ತಾರೆ. ಮೀಟರ್ ತೆಗೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಒಂದು ಎಳೆ ಉಳಿದಿದ್ದರೂ ಅದು 19 ತೋರಿಸುತ್ತದೆ. ಮಾಷ್ಟ್ರ ಚಾರ್ಜರಿನಲ್ಲೂ ಹೀಗೆಯೇ ಆಯಿತು. ಮೀಟರಿನಲ್ಲಿ 19.1, ಲ್ಯಾಪ್‌ಟಾಪಿಗೆ ಹಾಕಿದರೆ ಚಾರ್ಜಿಂಗ್ ಗುರುತು ಬಂದು ಹೋಗಿ, ಬಂದು ಹೋಗಿ. ಆಮೇಲೆ ತುದಿಯನ್ನು ಕತ್ತರಿಸಿ ಸಿಪ್ಪೆ ಬಿಡಿಸಿ ನೋಡಿದರೆ ಹೊರಸುತ್ತಿನಲ್ಲಿ ಇಡಿಯಾಗಿ ಉಳಿದದ್ದು ಮೂರೇ ಎಳೆ.

ಹಾಗಾಗಿ ಪರೀಕ್ಷೆಯನ್ನು ಹೊರೆ ಕೊಟ್ಟೇ, ಅಂದರೆ ಲ್ಯಾಪ್‌ಟಾಪ್ ಕರೆಂಟು ಎಳೆಯುತ್ತಾ ಇರುವಾಗಲೇ ಮಾಡಬೇಕು. ಆದರೆ ಎಳೆ ಮುರಿದು ಹೊರಗೆ ಎದ್ದಿರುವ ವಯರಿಗೆ ಈ ಪರೀಕ್ಷೆಯ ಅಗತ್ಯವೇ ಇಲ್ಲ, ಮಾಡಲೂಬೇಡಿ. ಸಿಪ್ಪೆ ಮಾತ್ರ ಬಿರಿದಿದೆ ಎಂದು ಕಂಡರೆ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದಾಗ ಚಾರ್ಜಿಗೆ ಹಾಕಿ, ಮೇಜಿನ ಮೇಲೆ ಇಟ್ಟು ಹತ್ತು ನಿಮಿಷ ಹತ್ತಿರವೇ ಕೂತಿರಿ. ಆಮೇಲೆ ಬೆರಳಿನ ಹಿಂಬದಿಯಿಂದ ಕುತ್ತಿಗೆಯನ್ನೂ ವಯರಿನ ನಡುಭಾಗವನ್ನೂ ಮುಟ್ಟಿ ನೋಡಿ. ಎರಡೂ ಒಂದೇ ಥರ ಇರಬೇಕು. ಕುತ್ತಿಗೆ ಮಾತ್ರ ಬಿಸಿ ಎಂದರೆ ಒಳಗೆ ಎಳೆ ಹೋಗಿದೆ. ವಯರನ್ನು ಸ್ವಲ್ಪ ಅಲ್ಲಾಡಿಸಿದಾಗ ಪರದೆಯ ಬೆಳಕು ಹೆಚ್ಚುಕಡಿಮೆ ಆದರೂ ಅದೇ ತೀರ್ಮಾನ.

ಡಬ್ಬಿಯ ಮೇಲಿನ ದೀಪ ಮಿನುಗುತ್ತಾ, ಒಳಗಿನಿಂದ ಟಿಕ್ ಟಿಕ್ ಶಬ್ದ ಬರುತ್ತಾ ಇದ್ದರೆ ಕೂಡಲೇ ಸ್ವಿಚ್ ಆಫ್ ಮಾಡಿ. ಹೆಚ್ಚಾಗಿ ಮುರಿದ ಎಳೆ ಒಳಸಿಪ್ಪೆಯನ್ನು ಚುಚ್ಚಿ ಶಾರ್ಟ್ ಆಗಿರುತ್ತದೆ.

ಹಂತ 3: ಸಿಪ್ಪೆ ಮಾತ್ರ ಬಿರಿದಿದ್ದರೆ

ಹೀಟ್ ಶ್ರಿಂಕ್ ಸ್ಲೀವ್ ಎಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ. ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಕೊಳವೆ ಅದು. ಪಿನ್ನಿನ ತಲೆ ದಾಟಿಸಬೇಕಾದ ಕಾರಣ ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಕುಗ್ಗುವ, ಒಳಗೆ ಅಂಟು ಇರುವ ಬಗೆ ಬೇಕು. ಕುತ್ತಿಗೆಯ ಮೇಲೆ ಒಂದೂವರೆ ಸೆಂ.ಮೀ., ವಯರಿನ ಮೇಲೆ ನಾಲ್ಕು ಸೆಂ.ಮೀ. ಬರುವ ಹಾಗೆ ಒಂದು ತುಂಡು ಹಾಕಿ ಕುಗ್ಗಿಸಿ. ಅದರ ಮೇಲೆ ಸ್ವಲ್ಪ ಗಿಡ್ಡದ ಇನ್ನೊಂದು. ಗಟ್ಟಿತನ ಒಮ್ಮೆಲೇ ನಿಲ್ಲದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲಿ ಎಂದು ಎರಡು.

ಎಂ-ಸೀಲಿನಂಥ ಗಟ್ಟಿಯಾಗುವ ಅಂಟು ಹಚ್ಚಿದರೆ ಕುತ್ತಿಗೆ ಇನ್ನಷ್ಟು ಉದ್ದವಾಗುತ್ತದೆ. ಆಮೇಲೆ ಅದರ ತುದಿಯಲ್ಲಿ ಮತ್ತೆ ಒಡೆಯುತ್ತದೆ. ಕೂಡಲೇ ಹಿಡಿಯುವ ಅಂಟು ಸಿಪ್ಪೆಯನ್ನು ಬಿರುಸಾಗಿಸುತ್ತದೆ. ಹುಳಿವಾಸನೆಯ ಸಿಲಿಕೋನ್ ಅಂಟಿನ ಆವಿ ತಾಮ್ರವನ್ನು ತಿನ್ನುತ್ತದೆ. ಮಾಮೂಲಿ ಕಪ್ಪು ಟೇಪು ನಮ್ಮ ಸೆಖೆಗೆ ಅಂಟು ಬಿಟ್ಟು ಜಿಗುಟಾಗಿ ಜಾರುತ್ತದೆ, ಎಲ್ಲರೂ ನೋಡಿದ್ದೇ ಅಲ್ವಾ?

ಹಂತ 4: ಎಳೆ ಮುರಿದಿದ್ದರೆ ಹೊಸ ತುದಿ

ಮೊದಲು ಎರಡು ಮಾತು. ವಾರಂಟಿ ಇದ್ದರೆ ಕತ್ತರಿಸಬೇಡಿ. ಮತ್ತು ಪಿನ್ನಿನ ಒಳಗೆ ನೋಡಿ. ಬರೀ ಟೊಳ್ಳಾಗಿದ್ದರೆ ಸಾಮಾನ್ಯವಾಗಿ ಎರಡೇ ತಂತಿ. ನಟ್ಟನಡುವೆ ಸೂಜಿಯಂಥ ಕಡ್ಡಿ ಇದ್ದರೆ ಹೆಚ್ಚಾಗಿ ಮೂರನೆಯ ತಂತಿಯೂ ಇರುತ್ತದೆ. ಡೆಲ್, ಎಚ್‌ಪಿ ಉರುಟು ಪಿನ್ನುಗಳು ಹೀಗೆ. ಆ ಮೂರನೆಯ ತಂತಿ "ನಾನು ಇಷ್ಟು ವ್ಯಾಟಿನ ಚಾರ್ಜರ್" ಎಂದು ಲ್ಯಾಪ್‌ಟಾಪಿಗೆ ಹೇಳುತ್ತದೆ. ಅದು ಬಿಟ್ಟುಹೋದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗದೆ ಇರಬಹುದು. ಕೈತಪ್ಪಿ ಅದಕ್ಕೆ 19 ವೋಲ್ಟ್ ತಾಗಿದರೆ ಚಾರ್ಜರ್ ಒಳಗಿನ ಗುರುತಿನ ಚಿಪ್ಪೋ, ಲ್ಯಾಪ್‌ಟಾಪಿನ ಚಾರ್ಜಿಂಗ್ ಭಾಗವೋ ಸುಟ್ಟುಹೋಗಬಹುದು. ಮೂರು ತಂತಿಯದ್ದನ್ನು ರಿಪೇರಿ ಅಂಗಡಿಗೆ ಕೊಡಿ.

ಮಾಷ್ಟ್ರದ್ದು ಎರಡು ತಂತಿಯದ್ದು. ಬೇಕಾದದ್ದು ಇಷ್ಟು: ಪಿನ್ ಅಚ್ಚಿನಲ್ಲೇ ಕೂರಿಸಿ ಬಂದಿರುವ ಹೊಸ ಡಿಸಿ ವಯರ್, 25 ವ್ಯಾಟಿನ ಸೋಲ್ಡರಿಂಗ್ ಕಬ್ಬಿಣ, ಸೀಸದ ತಂತಿ, ಬ್ಲೇಡ್, ಮಲ್ಟಿಮೀಟರ್, ಮೂರು ಗಾತ್ರದ ಸ್ಲೀವ್. ಅಂಗಡಿಗೆ ಹೋಗುವಾಗ ಹಳೆ ಚಾರ್ಜರನ್ನೂ ಲ್ಯಾಪ್‌ಟಾಪನ್ನೂ ಒಯ್ಯಿರಿ. ಪಿನ್ನಿನ ಹೊರಗಾತ್ರ ಒಂದೇ ಇದ್ದು ಒಳತೂತು 1.7 ಮಿ.ಮೀ. ಒಂದರದ್ದು, 2.5 ಮಿ.ಮೀ. ಇನ್ನೊಂದರದ್ದು ಆಗಿರುತ್ತದೆ. ಕಣ್ಣಳತೆಯಲ್ಲಿ ತಂದರೆ ಮತ್ತೆ ಕಾಸರಗೋಡಿಗೋ ಮಂಗಳೂರಿಗೋ ಬಸ್ಸು ಹತ್ತಬೇಕಾಗುತ್ತದೆ. ಬರೀ ಪಿನ್ ತಂದು ಕುತ್ತಿಗೆಗೇ ಬೆಸೆಯುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಅತಿ ಹೆಚ್ಚು ಬಾಗುವ ಜಾಗದಲ್ಲೇ ಬೆಸುಗೆ ಬರುತ್ತದೆ.

ಪ್ಲಗ್ ತೆಗೆದು, ಡಬ್ಬಿಯ ದೀಪ ಆರಿದ ಮೇಲೂ ಐದು ನಿಮಿಷ ಬಿಡಿ. ಡಬ್ಬಿಯಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಹಳೆ ವಯರನ್ನು ಕತ್ತರಿಸಿ. ಬೆಸುಗೆ ಅಲ್ಲಿ ಬಂದರೆ ಮೇಜಿನ ಮೇಲೆ ನೇರ ಮಲಗಿರುತ್ತದೆ, ಬಾಗುವುದಿಲ್ಲ. ತುದಿಯಲ್ಲಿ ತಾಮ್ರ ಕಪ್ಪಾಗಿದ್ದರೆ ಸೀಸ ಹಿಡಿಯುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಇನ್ನೂ ಹಿಂದಕ್ಕೆ ಕತ್ತರಿಸಿ.

ಈಗ ಸ್ಲೀವ್. ಎಲ್ಲಕ್ಕಿಂತ ದಪ್ಪದ್ದನ್ನು, 9 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಹೊಸ ವಯರಿಗೆ ಈಗಲೇ ತೂರಿಸಿ ದೂರ ಸರಿಸಿಡಿ. ಬೆಸೆದು ಮುಗಿದ ಮೇಲೆ "ಅಯ್ಯೋ, ಸ್ಲೀವ್ ಹಾಕಲಿಲ್ಲ" ಎಂದು ಮತ್ತೆ ಬಿಚ್ಚದವರು ಈ ಕೆಲಸದಲ್ಲಿ ಯಾರೂ ಇಲ್ಲ.

ಎರಡೂ ತುದಿಗಳಲ್ಲಿ 4 ಸೆಂ.ಮೀ. ಹೊರಸಿಪ್ಪೆ ತೆಗೆಯಿರಿ. ಹೊರಗಿನ ಎಳೆಗಳನ್ನು ಬಿಡಿಸಿ, ಒಂದು ಬದಿಗೆ ತಂದು ಬಾಲದ ಹಾಗೆ ಹೊಸೆಯಿರಿ. ಎರಡು ಬೆಸುಗೆಗಳು ಅಕ್ಕಪಕ್ಕ ಬರಬಾರದು. ಅದಕ್ಕೆ ಹಳೆ ವಯರಿನಲ್ಲಿ ಒಳತಂತಿಯನ್ನು 2 ಸೆಂ.ಮೀ.ಗೆ ಕತ್ತರಿಸಿ, ಬಾಲವನ್ನು 4 ಸೆಂ.ಮೀ. ಇಡಿ. ಹೊಸ ವಯರಿನಲ್ಲಿ ಇದರ ಉಲ್ಟಾ, ಒಳತಂತಿ 4, ಬಾಲ 2. ಹೀಗೆ ಮಾಡಿದರೆ ಪ್ಲಸ್ಸಿನ ಬೆಸುಗೆ ಒಂದು ಕಡೆ, ಮೈನಸ್ಸಿನದ್ದು ಇನ್ನೊಂದು ಕಡೆ ಬೀಳುತ್ತದೆ. ಸ್ಲೀವ್ ಸೀಳಿದರೂ ಒಂದಕ್ಕೊಂದು ತಾಗುವುದಿಲ್ಲ.

ಒಳತಂತಿಗಳ ತುದಿಯಲ್ಲಿ 1 ಸೆಂ.ಮೀ. ಸಿಪ್ಪೆ ತೆಗೆಯಿರಿ. ಉದ್ದದ ಒಳತಂತಿಗೆ ಎರಡೂವರೆ ಸೆಂ.ಮೀ. ಸಣ್ಣ ಸ್ಲೀವ್, ಉದ್ದದ ಬಾಲಕ್ಕೂ ಒಂದು ಸ್ಲೀವ್ ತೂರಿಸಿ. ಒಳತಂತಿಯನ್ನು ಒಳತಂತಿಗೆ ಹೊಸೆದು ಬೆಸೆಯಿರಿ. ಕಬ್ಬಿಣವನ್ನು ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಇಡಬೇಡಿ, ಒಳಸಿಪ್ಪೆ ಕರಗುತ್ತದೆ. ಸೀಸ ಹೊಳೆಯುತ್ತಾ ಎಳೆಗಳ ಒಳಗೆ ಇಳಿದಿರಬೇಕು. ಮೇಲೆ ಉಂಡೆಯಾಗಿ ಕೂತಿದ್ದರೆ ಹಿಡಿದಿಲ್ಲ ಎಂದೇ ಅರ್ಥ. ಚೂಪಾದ ಎಳೆ ಹೊರಗಿದ್ದರೆ ಕತ್ತರಿಸಿ, ಸ್ಲೀವ್ ಸರಿಸಿ ಕುಗ್ಗಿಸಿ. ಆಮೇಲೆ ಬಾಲಗಳನ್ನು ಬೆಸೆದು ಅದಕ್ಕೂ ಹಾಗೆಯೇ ಮಾಡಿ. ದಪ್ಪ ಸ್ಲೀವನ್ನು ಈಗಲೇ ಕುಗ್ಗಿಸಬೇಡಿ.

ಹಂತ 5: ಲ್ಯಾಪ್‌ಟಾಪಿಗೆ ಹಾಕುವ ಮೊದಲು

ಮೀಟರನ್ನು ಶಾರ್ಟ್ ನೋಡುವ ಬೀಪ್ ಶಬ್ದದ ಜಾಗಕ್ಕೆ ತಿರುಗಿಸಿ. ಪ್ಲಗ್ ಹಾಕದೆಯೇ ಪಿನ್ನಿನ ಒಳಗೂ ಹೊರಗೂ ಕಡ್ಡಿ ಹಿಡಿಯಿರಿ. ಬೀಪ್ ನಿಲ್ಲದೆ ಬರುತ್ತಿದ್ದರೆ ಶಾರ್ಟ್ ಇದೆ, ಬಿಚ್ಚಿ ನೋಡಿ.

ಇಲ್ಲದಿದ್ದರೆ ಮೀಟರನ್ನು ಡಿಸಿ 200 ವೋಲ್ಟಿಗೆ ಇಟ್ಟು, ಪ್ಲಗ್ ಹಾಕಿ ಅಳೆಯಿರಿ. 20ರ ಜಾಗದಲ್ಲಿ ಇಡಬೇಡಿ. ಅಗ್ಗದ ಮೀಟರುಗಳು ಅಲ್ಲಿ 19.99ರವರೆಗೆ ಮಾತ್ರ ತೋರಿಸುತ್ತವೆ. 20 ವೋಲ್ಟಿನ ಚಾರ್ಜರ್ ಆದರೆ ಬರೀ `1` ಎಂದು ತೋರಿಸಿ ನಿಮ್ಮನ್ನು ಗಾಬರಿ ಮಾಡುತ್ತವೆ. ಕೆಂಪು ಕಡ್ಡಿ ಪಿನ್ನಿನ ಒಳಗೆ, ಕಪ್ಪು ಹೊರಗೆ. 19ರ ಆಸುಪಾಸು ಬಂದರೆ ಸರಿ. ಮುಂದೆ ಮೈನಸ್ ಗುರುತು ಬಂದರೆ ಪ್ಲಸ್ ಮೈನಸ್ ಅದಲುಬದಲಾಗಿದೆ. ಹಾಗೆ ಲ್ಯಾಪ್‌ಟಾಪಿಗೆ ಹಾಕಿದರೆ ಚಾರ್ಜರಿನ ಖರ್ಚು ಮದರ್‌ಬೋರ್ಡಿನ ಖರ್ಚಾಗುತ್ತದೆ. ಡಬ್ಬಿಯ ಮೇಲೆ ಎರಡು ಉರುಟುಗಳ ನಡುವೆ ಒಂದು ಚುಕ್ಕೆ ಇರುವ ಚಿತ್ರ ಇರುತ್ತದೆ. ನಡುವಿನ ಚುಕ್ಕೆಗೆ ಪ್ಲಸ್ ಸೇರಿದ್ದರೆ ಒಳಗೆ ಪ್ಲಸ್ ಎಂದು ಅರ್ಥ. ಅದಕ್ಕೆ ಹೊಂದಿಸಿ ನೋಡಿ. ತಂತಿಯ ಬಣ್ಣವನ್ನು ನಂಬಬೇಡಿ.

ಸರಿ ಇದ್ದರೆ ಪ್ಲಗ್ ತೆಗೆದು, ದಪ್ಪ ಸ್ಲೀವನ್ನು ಎರಡೂ ಹೊರಸಿಪ್ಪೆಗಳ ಮೇಲೆ ಎರಡೆರಡು ಸೆಂ.ಮೀ. ಬರುವ ಹಾಗೆ ಸರಿಸಿ ಕುಗ್ಗಿಸಿ. ಲೈಟರಿನ ಜ್ವಾಲೆ ತಾಗಿಸಬೇಡಿ, ಅದರ ಶಾಖ ಸಾಕು.

ಕೊನೆಗೆ ಹಂತ 2ರ ಹೊರೆಯ ಪರೀಕ್ಷೆ ಮತ್ತೊಮ್ಮೆ, ಈ ಸಲ ಅರ್ಧ ಗಂಟೆ. ಬೆಸುಗೆಯ ಜಾಗ ವಯರಿನ ಉಳಿದ ಭಾಗದಷ್ಟೇ ಬೆಚ್ಚಗಿರಬೇಕು. ಮಾಷ್ಟ್ರ ಚಾರ್ಜರಿನಲ್ಲಿ ಮೊದಲ ಸಲ ಅಲ್ಲಿ ಸ್ವಲ್ಪ ಹೆಚ್ಚು ಬಿಸಿ ಇತ್ತು. ಬಿಚ್ಚಿ ನೋಡಿದರೆ ಬಾಲದ ಬೆಸುಗೆ ಮೇಲೆ ಮಾತ್ರ ಕೂತಿತ್ತು. ಎಳೆಗಳನ್ನು ಬ್ಲೇಡಿನಿಂದ ಕೆರೆದು ಮತ್ತೆ ಬೆಸೆದ ಮೇಲೆ ಸರಿಹೋಯಿತು. ಒಂದು ಸ್ಲೀವ್ ದಂಡ.

ಹೊಸ ಅಡಾಪ್ಟರೇ ಕೊಳ್ಳುವುದಾದರೆ

ವೋಲ್ಟ್ ಹಳೆಯದರಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಆಗಬಾರದು. ಜಾಸ್ತಿ ಆಂಪಿಯರ್ ಇದ್ದರೆ ಲ್ಯಾಪ್‌ಟಾಪಿಗೆ ಹೆಚ್ಚು ಕರೆಂಟು ನುಗ್ಗುತ್ತದೆ ಎನ್ನುವುದು ಸುಳ್ಳು. ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಡಬ್ಬಿಯ ಮೇಲೆ ಬಿಐಎಸ್ ಗುರುತೂ `R-` ಎಂದು ಶುರುವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ. ಸಾಧ್ಯವಾದರೆ ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿ ನೋಡಿ, ಪಿನ್ ಸಡಿಲವಾಗಿ ಅಲ್ಲಾಡಿದರೆ ಬೇರೆ ಕೇಳಿ. ಮನೆಗೆ ತಂದ ಮೇಲೆ ವಯರನ್ನು ಡಬ್ಬಿಗೆ ಬಿಗಿಯಾಗಿ ಸುತ್ತಬೇಡಿ. ಅಂಗೈಯಗಲದ ಸಡಿಲ ಸುರುಳಿ ಮಾಡಿ, ಪಿನ್ನಿನ ಹಿಂದೆ ಒಂದು ಗೇಣು ವಯರನ್ನು ನೇರ ಬಿಟ್ಟುಬಿಡಿ.